ಹನ್ನೊಂದು ಹತ್ತಕ್ಕೆ ಹೋಗುವ ಲೈನು

ಅನುಮಾನ ಪಡುವುದರಲ್ಲಿ ನಾನು ಚಿಕ್ಕಂದಿನಿಂದಲೂ ಚುರುಕು. ಅಂಗಡಿಯವನು ತೂಕ ಹಾಕುವಾಗ ತಕ್ಕಡಿಯ ಮುಳ್ಳನ್ನು ಬಿಟ್ಟು ಅವನ ಕಿರುಬೆರಳನ್ನೇ ನೋಡುತ್ತಿದ್ದವನು ನಾನು. ಅಮ್ಮ ಇದನ್ನು ಜಾಣತನ ಎಂದು ಹೊಗಳುತ್ತಿದ್ದಳು. ಹೆಂಡತಿ ಮದುವೆಯಾದ ತಿಂಗಳೊಳಗೇ ಇದು ರೋಗ ಎಂದು ಹೆಸರಿಟ್ಟಳು. ಇಬ್ಬರಲ್ಲಿ ಯಾರು ಸರಿ ಎಂಬುದು ನನಗೆ ಗೊತ್ತಾಗಿದ್ದು ಒಂದು ತಾಮ್ರದ ತಂತಿಯಿಂದ.

ಸಂತೇಬೆನ್ನೂರಿನಲ್ಲಿ ನಮ್ಮದು ಉದ್ದನೆಯ ಮನೆ. ರಸ್ತೆಗೆ ಮುಖ ಮಾಡಿದ ಮುಂದಿನ ಕೋಣೆಯಲ್ಲಿ ನನ್ನ ಆನ್‌ಲೈನ್ ಸೇವಾ ಕೇಂದ್ರ. ಪಹಣಿ, ಜಾತಿ ಆದಾಯದ ಪ್ರಮಾಣಪತ್ರ, ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ, ಹೀಗೆ ಸರ್ಕಾರದ ಕಂಪ್ಯೂಟರ್ ಕೇಳುವುದನ್ನೆಲ್ಲ ತುಂಬಿಕೊಡುವುದು ನನ್ನ ಕೆಲಸ. ಆ ಕೋಣೆ ದಾಟಿದರೆ ಪಡಸಾಲೆ, ಆಮೇಲೆ ಒಂದು ಸಣ್ಣ ಅಂಗಳ, ಅಂಗಳದಾಚೆ ಅಡುಗೆಮನೆ, ಅದರ ಹಿಂದೆ ಹಿತ್ತಲು. ಮುಂದೆ ಪ್ರಿಂಟರ್ ಕಿರುಗುಟ್ಟುತ್ತಿದ್ದರೆ ಹಿಂದೆ ಕುಕ್ಕರ್ ಕೂಗಿದ್ದೂ ಕೇಳಿಸುವುದಿಲ್ಲ. ಇದು ಆರೇಳು ವರ್ಷದ ಹಿಂದಿನ ಮಾತು. ಆಗಿನ್ನೂ ನಮ್ಮ ಬೀದಿಗೆ ಫೈಬರ್ ಬಂದಿರಲಿಲ್ಲ. ಮೊಬೈಲ್ ನೆಟ್ಟನ್ನು ನಂಬಿ ಅರ್ಜಿ ಹಾಕಲು ಕೂತರೆ ಬಂದವರು ಊಟ ಮುಗಿಸಿ ಬಂದರೂ ಪುಟ ತೆರೆದಿರುತ್ತಿರಲಿಲ್ಲ. ಹಳೇ ಟೆಲಿಫೋನ್ ತಂತಿಯಲ್ಲಿ ಬರುತ್ತಿದ್ದ ಬ್ರಾಡ್‌ಬ್ಯಾಂಡೇ ನಮಗೆ ಗತಿ.

ಆ ವರ್ಷ ಮಳೆಗಾಲಕ್ಕೆ ಮುಂಚೆ ಹೊಸ ಕೌಂಟರ್ ಮಾಡಿಸಿದೆ. ಮೋಡೆಮ್ಮು, ಅದರ ಪಕ್ಕದಲ್ಲಿ ನೇತಾಡುತ್ತಿದ್ದ ಮೂರು ಕಿಂಡಿಯ ಬಿಳಿ ಡಬ್ಬಿ, ವೈರಿನ ಗೋಜಲು ಎಲ್ಲವನ್ನೂ ಒಂದು ಭಾನುವಾರ ನಾನೇ ಬಿಚ್ಚಿ ನಾನೇ ಕೂಡಿಸಿದೆ. ಬೇರೆಯವರನ್ನು ಕರೆದರೆ ಹತ್ತು ನಿಮಿಷದ ಕೆಲಸಕ್ಕೆ ಅರ್ಧ ದಿನ ಮಾಡುತ್ತಾರೆ ಎಂಬುದು ನನ್ನ ಸಿದ್ಧಾಂತ. ಅಂಗಡಿಯಲ್ಲಿದ್ದ ಫೋನ್ ಕೆಟ್ಟು ವರ್ಷವಾಗಿತ್ತು, ಅದನ್ನು ಅಟ್ಟಕ್ಕೆ ಎಸೆದೆ. ಅಡುಗೆಮನೆಯಿಂದ ಅಮ್ಮ ಏನೋ ಗೊಣಗಿದಳು, ಅದನ್ನೂ ಸರಿ ಮಾಡಿಕೊಟ್ಟು ಊಟಕ್ಕೆ ಕೂತೆ.

ಮಳೆ ಹಿಡಿದ ಮೇಲೆ ಶುರುವಾಯಿತು. ಮೋಡೆಮ್ಮಿನಲ್ಲಿ ಲೈನ್ ಸರಿಯಿದ್ದರೆ ಒಂದು ಹಸಿರು ದೀಪ ನಿಂತಂತೆ ಉರಿಯುತ್ತದೆ. ಅದು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಯಾವಾಗೆಂದರೆ ಆವಾಗ ಮಿಟುಕಲು ಶುರುವಿಟ್ಟುಕೊಂಡಿತು. ಮಿಟುಕಿತೆಂದರೆ ಎರಡು ಮೂರು ನಿಮಿಷ ನೆಟ್ ಇಲ್ಲ. ಅರ್ಜಿ ಅರ್ಧಕ್ಕೆ ನಿಂತು, ಮತ್ತೆ ಮೊದಲಿನಿಂದ ತುಂಬಬೇಕು. ಉಬ್ರಾಣಿ ಕಡೆಯಿಂದ, ಸೂಳೆಕೆರೆ ಸುತ್ತಿನ ಊರುಗಳಿಂದ ಬಸ್ಸಿಗೆ ಬಂದವರು ಬೆಂಚಿನ ಮೇಲೆ ಕೂತು ನನ್ನ ಮುಖ ನೋಡುತ್ತಿದ್ದರು. ನಾನು ಲೈನ್‌ಮನ್‌ಗೆ ಫೋನ್ ಮಾಡಿದೆ.

ಅವನು ಬಂದ. ಈಗ ಬರೆಯುವಾಗ ಅವರು ಬಂದರು ಎನ್ನಬೇಕು ಅನಿಸುತ್ತದೆ, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಆದರೆ ಆಗ ನಾನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ, ಅವರು ನನ್ನನ್ನು ಸಾರ್ ಎನ್ನುತ್ತಿದ್ದರು. ಕಂಪನಿಯ ನೌಕರರಲ್ಲ, ಗುತ್ತಿಗೆದಾರನ ಕೈಕೆಳಗಿನ ಲೈನ್‌ಮನ್. ಸೂಳೆಕೆರೆ ಹತ್ತಿರದ ಹಳ್ಳಿಯವರು. ಬೈಕಿನ ಮುಂದೆ ಬುದ್ಧನ ಸಣ್ಣ ಚಿತ್ರ ಅಂಟಿಸಿದ್ದರು. ಅದನ್ನು ನೋಡಿದೊಡನೆ ನನ್ನ ತಲೆ ಒಂದು ಲೆಕ್ಕ ಹಾಕಿತು. ಯಾವ ಲೆಕ್ಕ ಎಂದು ಬಿಡಿಸಿ ಹೇಳಲು ಇವತ್ತು ನಾಚಿಕೆಯಾಗುತ್ತದೆ.

ಅವರು ಬಾಗಿಲ ಹೊರಗೆ ನಿಂತು, ಗೋಡೆಗೆ ಬರುವ ತಂತಿಗೆ ತಮ್ಮ ಪರೀಕ್ಷೆಯ ಫೋನ್ ಸಿಕ್ಕಿಸಿ ಕೇಳಿದರು. ನನ್ನ ಕಿವಿಗೂ ಹಿಡಿದರು. ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ ಸದ್ದು. ಲೈನಿನಲ್ಲಿ ನಾಯ್ಸ್ ಐತೆ, ಎಲ್ಲೋ ಜಾಯಿಂಟಿಗೆ ನೀರು ಇಳಿದೈತೆ ಎಂದರು. ಆಮೇಲೆ ಒಂದು ಪ್ರಶ್ನೆ ಕೇಳಿದರು.

“ಸಾರ್, ಮನೇಲಿ ಬೇರೆ ಫೋನ್ ಏನಾರ ಐತಾ?”

“ಇಲ್ಲ,” ಎಂದೆ.

“ಒಳಗಡೆ ಒಂದ್ಸಲ ವೈರ್ ನೋಡ್ಲಾ?”

“ಒಳಗೆ ಅಡುಗೆಮನೆ ಐತೆ,” ಎಂದೆ. ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿ, ಆಯ್ತು ಸಾರ್ ಎಂದು ಬೈಕ್ ಹತ್ತಿದರು.

ನನಗೆ ರೇಗಿದ್ದು ನಿಜ. ಈ ಜನ ಯಾವಾಗಲೂ ತಪ್ಪನ್ನು ಗಿರಾಕಿಯ ಮನೆಯೊಳಗೇ ಹುಡುಕುತ್ತಾರೆ, ಕಂಬ ಹತ್ತಲು ಸೋಮಾರಿತನ, ಅದಕ್ಕೆ ಇದೊಂದು ನೆಪ ಎಂದುಕೊಂಡೆ. ಆದರೆ ಮಾರನೇ ದಿನ ಅವರು ಊರಾಚೆ ಬೇಲಿಯ ಪಕ್ಕದಲ್ಲಿ ಆ ಜಾಯಿಂಟನ್ನು ಹುಡುಕಿ ತೆಗೆದರು. ಹಸಿರು ಕಿಲುಬು ಹಿಡಿದ ತುಂಡನ್ನು ಕತ್ತರಿಸಿ, ಹೊಸದಾಗಿ ಕೂಡಿಸಿ, ನೀರು ಇಳಿಯದ ಹಾಗೆ ಜೆಲ್ಲಿ ತುಂಬಿದ ಕ್ಲಿಪ್ ಒತ್ತಿ ಬಂದರು. ಕಿಲುಬಿನ ತುಂಡನ್ನು ನನ್ನ ಕೌಂಟರ್ ಮೇಲೆ ಇಟ್ಟು ತೋರಿಸಿದರು.

ಅವತ್ತೇ ಅವರು ನನಗೆ ಮೋಡೆಮ್ಮಿನ ಒಳಗಿನ ಪುಟ ತೆರೆಯುವುದನ್ನು ಕಲಿಸಿದ್ದು. ಬ್ರೌಸರಿನಲ್ಲಿ ಒಂದು ನಂಬರು ಹೊಡೆದರೆ ಆ ಪುಟ ಬರುತ್ತದೆ, ನೆಟ್ ಇಲ್ಲದಿದ್ದರೂ ಬರುತ್ತದೆ, ಯಾಕೆಂದರೆ ಅದು ಇರುವುದು ಮೋಡೆಮ್ಮಿನೊಳಗೇ. ಅದರಲ್ಲಿ ನಾಲ್ಕು ಸಾಲು ನೋಡಿದರೆ ಸಾಕು ಎಂದರು. ಒಂದು, ಅಟೆನ್ಯುಯೇಶನ್. ಎಕ್ಸ್‌ಚೇಂಜಿನಿಂದ ಬರುವಷ್ಟರಲ್ಲಿ ಸಿಗ್ನಲ್ ಎಷ್ಟು ಸೊರಗಿದೆ ಎಂಬುದು. ತಂತಿಯ ಉದ್ದ ಬದಲಾಗುವುದಿಲ್ಲ, ಹಾಗಾಗಿ ಇದೂ ಅಷ್ಟಾಗಿ ಬದಲಾಗುವುದಿಲ್ಲ, ನನ್ನದು ಮೂವತ್ತೇಳು. ಎರಡು, ನಾಯ್ಸ್ ಮಾರ್ಜಿನ್. ಗದ್ದಲದ ನಡುವೆ ಸಿಗ್ನಲ್ ತಡೆದುಕೊಳ್ಳಲು ಎಷ್ಟು ಅಂತರ ಉಳಿದಿದೆ ಎಂಬ ಸಂಖ್ಯೆ. ಅದು ಆರಕ್ಕಿಂತ ಕೆಳಗೆ ಬಂದರೆ ಲೈನ್ ಯಾವಾಗ ಬೇಕಾದರೂ ಬೀಳಬಹುದು. ಮೂರು, ಸಿಆರ್‌ಸಿ ಎರರ್, ಕೆಟ್ಟು ಬಂದ ತುಣುಕುಗಳ ಎಣಿಕೆ. ನಾಲ್ಕು, ಲೈನ್ ಎದ್ದು ಎಷ್ಟು ಹೊತ್ತಾಯಿತು ಎಂಬ ಗಡಿಯಾರ. ಜಾಯಿಂಟ್ ಸರಿ ಮಾಡುವ ಮುಂಚೆ ಮಾರ್ಜಿನ್ ನಾಲ್ಕು, ಐದು ಎಂದು ಕುಣಿಯುತ್ತಿತ್ತು, ಎರರ್ ಸಾವಿರಗಟ್ಟಲೆ ಏರುತ್ತಿತ್ತು. ಈಗ ಮಾರ್ಜಿನ್ ಹದಿನಾಲ್ಕಕ್ಕೆ ನಿಂತಿತ್ತು, ಎರರ್ ನಿಂತೇ ಹೋದಂತಿತ್ತು. ಅವರ ಮುಖದಲ್ಲಿ ಸಂತೋಷ ಇತ್ತು. ಒಂದು ನೋಟ್‌ಬುಕ್ ಇಡಿ ಸಾರ್, ದಿನಾ ಬರ್ಕೊಳ್ರಿ, ಲೈನ್ ಹೋದ್ರೆ ನಂಗೆ ಟೈಮ್ ಹೇಳ್ರಿ ಎಂದರು.

ಬರೆದುಕೊಳ್ಳುವುದೆಂದರೆ ನನಗೆ ಖುಷಿ. ಅನುಮಾನದವರಿಗೆ ನೋಟ್‌ಬುಕ್ ಕೊಟ್ಟರೆ ಕೇಳಬೇಕೆ.

ಮಳೆಯ ಕಾಟ ತೀರಿತು. ಬೇಕಾಬಿಟ್ಟಿ ಬೀಳುತ್ತಿದ್ದ ಲೈನು ಈಗ ದಿನಕ್ಕೆ ಎರಡೇ ಸಲ ಬೀಳುತ್ತಿತ್ತು. ಆದರೆ ಹೊತ್ತು ನೋಡಿ. ಮೊದಲ ದಿನ ಹನ್ನೊಂದು ಹತ್ತು. ಎರಡು ನಿಮಿಷಕ್ಕೆ ಎದ್ದಿತು, ಮತ್ತೆರಡು ನಿಮಿಷಕ್ಕೆ ಇನ್ನೊಮ್ಮೆ ಬಿತ್ತು. ಎರಡನೇ ದಿನ ಹನ್ನೊಂದು ಎಂಟು, ಹಾಗೇ ಎರಡು ಸಲ. ಮೂರನೇ ದಿನ ಹನ್ನೊಂದು ಹನ್ನೆರಡು. ನಾನು ಮಧ್ಯಾಹ್ನ ಪುಟ ತೆರೆದು, ಲೈನ್ ಎದ್ದು ಎಷ್ಟು ಹೊತ್ತಾಯಿತು ಎಂಬುದನ್ನು ಈಗಿನ ಹೊತ್ತಿನಿಂದ ಕಳೆದರೆ ಸರಿಯಾಗಿ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಅದೂ ಬಸ್ಸು ಬಂದು ನನ್ನ ಅಂಗಡಿ ತುಂಬಿರುವ ಹೊತ್ತು.

ಮಳೆಗೆ ಗಡಿಯಾರ ಇಲ್ಲ, ಕಿಲುಬಿಗೆ ಗಡಿಯಾರ ಇಲ್ಲ. ಹೊತ್ತಿಗೆ ಸರಿಯಾಗಿ ನಡೆಯುವುದು ಮನುಷ್ಯನ ಕೈಯಿಂದ ಮಾತ್ರ. ಇದು ನನ್ನ ತರ್ಕ. ಈಗಲೂ ಈ ತರ್ಕದಲ್ಲಿ ತಪ್ಪಿಲ್ಲ ಎಂದೇ ಹೇಳುತ್ತೇನೆ. ಯಾರ ಕೈ ಎಂಬುದರಲ್ಲಿ ಮಾತ್ರ ಎಡವಿದೆ.

ಲೈನ್‌ಮನ್ ಬೈಕು ದಿನಾ ಹನ್ನೊಂದರ ಸುಮಾರಿಗೆ ನಮ್ಮ ಬೀದಿಯಲ್ಲೇ ಹಾದು ಹೋಗುತ್ತಿತ್ತು. ಇಷ್ಟು ದಿನ ನನ್ನ ಕಣ್ಣಿಗೆ ಬೀಳದ ಬೈಕು ಈಗ ಬಿತ್ತು. ಅವರ ಭಾವಮೈದ ಹೊನ್ನಾಳಿಯಲ್ಲಿ ಕೇಬಲ್ ನೆಟ್ ಇಟ್ಟಿದ್ದಾನೆ, ನ್ಯಾಮತಿವರೆಗೂ ಎಳೆದಿದ್ದಾನೆ, ಈ ಕಡೆಗೂ ಬರುವ ಯೋಚನೆ ಇದೆ ಎಂದು ಯಾರೋ ಬೆಂಚಿನ ಮೇಲೆ ಕೂತು ಹೇಳಿದರು. ನನಗೆ ಎಲ್ಲ ಹೊಂದಿಕೊಂಡಿತು. ತಾಮ್ರದ ಲೈನು ಕೆಟ್ಟರೆ ಗಿರಾಕಿ ಬೇಸತ್ತು ಕೇಬಲ್ಲಿಗೆ ಹೋಗುತ್ತಾನೆ. ಅದಕ್ಕೇ ಕಂಬದ ಡಬ್ಬಿಯಲ್ಲಿ ತಂತಿ ಕೀಳುತ್ತಾನೆ, ಎರಡು ನಿಮಿಷ ಬಿಟ್ಟು ಸಿಕ್ಕಿಸುತ್ತಾನೆ, ಸರಿಯಾಗಿ ಕೆಲಸ ಮಾಡಿತೋ ಇಲ್ಲವೋ ಎಂದು ಇನ್ನೊಮ್ಮೆ ಕಿತ್ತು ನೋಡುತ್ತಾನೆ. ಪುಟ ನೋಡುವುದನ್ನು ಕಲಿಸಿದ್ದು ಕೂಡ ನನ್ನನ್ನು ಸಂಖ್ಯೆಯಲ್ಲಿ ಮುಳುಗಿಸಿ ದಾರಿ ತಪ್ಪಿಸಲು. ಹೆಂಡತಿಗೆ ಇದನ್ನೆಲ್ಲ ವಿವರಿಸಿದೆ. ಅವಳು ಒಗ್ಗರಣೆಗೆ ಕರಿಬೇವು ಹಾಕುತ್ತ, ಅವರಿಗೇನು ಬೇರೆ ಕೆಲಸ ಇಲ್ವಾ ಎಂದಳು. ಮನೆಯವರಿಗೇ ಅರ್ಥವಾಗುವುದಿಲ್ಲ ಎಂದುಕೊಂಡು ಎದ್ದು ಬಂದೆ.

ಅವರು ಎರಡನೇ ಸಲ ಬಂದಾಗ ನನ್ನ ನೋಟ್‌ಬುಕ್ ತಿರುವಿ ನೋಡಿದರು. ಹಣೆ ಗಂಟಿಕ್ಕಿತು. ಬೀಳೋಕೆ ಮುಂಚೆ ಮಾರ್ಜಿನ್ ಹದಿನಾಲ್ಕೇ ಐತೆ, ಎರರ್ ಇಲ್ಲ, ಹಿಂಗೆ ಚೆನ್ನಾಗಿರೋ ಲೈನ್ ಏಕಾಏಕಿ ಬೀಳ್ತದೆ ಅಂದ್ರೆ ಇದು ಹೊರಗಿನ ಜಾಯಿಂಟ್ ಥರ ಕಾಣ್ತಿಲ್ಲ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಮತ್ತೆ ಅದೇ ಪ್ರಶ್ನೆ, ಬೇರೆ ಫೋನ್ ಐತಾ. ನಾನು ಮೂರು ಕಿಂಡಿಯ ಡಬ್ಬಿಯನ್ನು ಎತ್ತಿ ತೋರಿಸಿದೆ, ಫೋನಿನ ಕಿಂಡಿ ಖಾಲಿ ಇದೆ, ಕಣ್ಣಿಗೆ ಕಾಣುವುದಿಲ್ಲವೇ ಎಂದೆ. ಗಿರಾಕಿಗಳ ಮುಂದೆ ಸ್ವಲ್ಪ ಜೋರಾಗಿಯೇ ಹೇಳಿದೆ. ಅವರು ತಲೆ ಆಡಿಸಿ ಹೋದರು.

ಆಮೇಲೆ ನಾನು ದೂರು ಬರೆದೆ. ಉದ್ದೇಶಪೂರ್ವಕವಾಗಿ ಲೈನ್ ಕಡಿತ ಮಾಡುತ್ತಿದ್ದಾನೆ ಎಂಬ ಮಾತು ಅದರಲ್ಲಿತ್ತು. ಅರ್ಜಿ ಬರೆಯುವುದೇ ನನ್ನ ಕಸುಬಾದ್ದರಿಂದ ಚೆನ್ನಾಗಿಯೇ ಬರೆದೆ. ಬೆಂಚಿನ ಮೇಲಿದ್ದ ಆರು ಜನರ ಸಹಿ ಹಾಕಿಸಿ, ಚನ್ನಗಿರಿಯ ಟೆಲಿಫೋನ್ ಆಫೀಸಿಗೆ ಹೋಗಿ ಅಲ್ಲಿನ ಇಂಜಿನಿಯರ್ ಮೇಡಂ ಕೈಗೆ ಕೊಟ್ಟೆ.

ಮೇಡಂ ದೂರನ್ನು ಓದುವ ಮುಂಚೆ ನೋಟ್‌ಬುಕ್ ಓದಿದರು. ಮನೆಯೊಳಗೆ ಆ ಹೊತ್ತಿಗೆ ಏನಾದರೂ ಆನ್ ಮಾಡುತ್ತೀರಾ, ಫಿಲ್ಟರ್ ಇಲ್ಲದ ಫೋನ್ ಇದೆಯಾ ಎಂದು ಕೇಳಿದರು. ಇವರೂ ತಮ್ಮವನ ಪರವೇ ಎಂದುಕೊಂಡು, ಇಲ್ಲ ಎಂದೆ. ಹಾಗಾದರೆ ಸರಿ ಎಂದು ದೂರನ್ನು ಓದಿದರು. ಗುತ್ತಿಗೆ ತಿಂಗಳ ಕೊನೆಗೆ ಮುಗಿಯುತ್ತದೆ, ಈ ದೂರು ಹಾಗೇ ಉಳಿದರೆ ಗುತ್ತಿಗೆದಾರ ಅವರನ್ನು ಮತ್ತೆ ತೆಗೆದುಕೊಳ್ಳುವುದಿಲ್ಲ, ಹದಿನೆಂಟು ವರ್ಷದಿಂದ ಈ ಲೈನ್ ಮೇಲೆ ಇದ್ದಾರೆ ಎಂದರು. ಹದಿನೆಂಟು ವರ್ಷ ಎಂದಾಗ ನನಗೆ ಏನೂ ಅನಿಸಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತ್ತು, ಹಾಯಾಗಿ ಬಂದೆ.

ಮರುದಿನದಿಂದ ಲೈನ್‌ಮನ್ ನಮ್ಮೂರಿನ ಎಕ್ಸ್‌ಚೇಂಜಿನಿಂದ ಹಿಡಿದು ನನ್ನ ಲೈನಿನುದ್ದಕ್ಕೂ ನಡೆದು ನೋಡಲು ಶುರು ಮಾಡಿದರು. ತಿಂಗಳು ಮುಗಿಯಲು ಎಂಟು ದಿನ ಇತ್ತು. ನನ್ನ ಮನೆಯಿಂದ ಎಕ್ಸ್‌ಚೇಂಜಿಗೆ ತಂತಿಯ ದಾರಿಯಲ್ಲಿ ಎರಡೂವರೆ ಕಿಲೋಮೀಟರ್ ಮೇಲೆ. ಗದ್ದೆ ಅಂಚು, ಜಾಲಿ ಬೇಲಿ, ಚರಂಡಿ ಪಕ್ಕದಲ್ಲಿ ತಂತಿಗಳೆಲ್ಲ ಕೂಡುವ ಪಿಲ್ಲರ್ ಡಬ್ಬಿ, ಎಲ್ಲ ಕಡೆ ನಿಂತು ಒಂದೊಂದೇ ಜಾಯಿಂಟ್ ಬಿಚ್ಚಿ, ಚೆನ್ನಾಗಿದ್ದರೂ ಕತ್ತರಿಸಿ ಹೊಸದು ಮಾಡುತ್ತ ಬಂದರು. ಮುಂಗೈ ತುಂಬ ಮುಳ್ಳು ಗೀರಿದ ಗೆರೆ. ಅವರ ಬೇರೆ ದೂರುಗಳು ಬಾಕಿ ಬಿದ್ದವು. ನಮ್ಮ ಮನೆ ಮುಂದಿನ ಕಂಬಕ್ಕೆ ಬಂದಾಗ ನೀರು ಕೇಳಿದರು. ಹೆಂಡತಿ ಚೊಂಬು ತಂದುಕೊಟ್ಟಳು. ಕಂಬದ ಮೇಲಿಂದ ಇಳಿದವರು ನನ್ನ ಕಡೆ ನೋಡಿ, ಮೂರನೇ ಸಲ, ಮೆತ್ತಗೆ ಕೇಳಿದರು, ಹಳೇದು ಯಾವುದಾದ್ರೂ ಫೋನು ಸಾರ್, ನೆನಪು ಮಾಡ್ಕೊಂಡು ನೋಡ್ರಿ ಎಂದು. ನಾನು ಉತ್ತರವನ್ನೂ ಕೊಡದೆ ಪ್ರಿಂಟರಿಗೆ ಹಾಳೆ ತುಂಬಿದೆ.

ಇಷ್ಟೆಲ್ಲ ಆದರೂ ಹನ್ನೊಂದು ಹತ್ತಕ್ಕೆ ಲೈನು ಬೀಳುವುದು ನಿಲ್ಲಲಿಲ್ಲ. ನನಗೆ ಇದು ಇನ್ನೂ ಗಟ್ಟಿ ಸಾಕ್ಷಿ. ಎಲ್ಲ ಸರಿ ಮಾಡುವ ನಾಟಕ ಆಡಿ, ಹೊತ್ತಿಗೆ ಸರಿಯಾಗಿ ಕೀಳುತ್ತಲೇ ಇದ್ದಾನೆ ಎಂದುಕೊಂಡೆ. ಕೈಯಾರೆ ಹಿಡಿದುಬಿಡಬೇಕು ಎಂಬ ಹಟ ಬಂತು.

ಕಂಬ ಅಂಗಡಿ ಎದುರಿಗಿದ್ದರೂ, ನಾನು ಅಲ್ಲೇ ಕೂತಿದ್ದರೆ ಅವನು ಹತ್ತುವುದಿಲ್ಲ. ನಮ್ಮ ಲೈನು ಹಾದು ಬರುವ ಇನ್ನೊಂದು ಕಂಬ ಹಿಂದಿನ ಓಣಿಯಲ್ಲಿದೆ, ಹಿತ್ತಲಿನಿಂದ ಚೆನ್ನಾಗಿ ಕಾಣುತ್ತದೆ. ಅದೇ ಇರಬೇಕು ಎಂದು ತೀರ್ಮಾನಿಸಿದೆ. ತಿಂಗಳು ಮುಗಿಯಲು ಎರಡು ದಿನ ಇರುವಾಗ, ಹನ್ನೊಂದಕ್ಕೆ ಐದು ನಿಮಿಷ ಇದ್ದಂತೆ, ಅಂಗಡಿಯಲ್ಲಿ ಹೆಂಡತಿಯನ್ನು ಕೂರಿಸಿ ಲ್ಯಾಪ್‌ಟಾಪ್ ಎತ್ತಿಕೊಂಡು ಹಿತ್ತಲಿಗೆ ಹೋದೆ. ಒಗೆಯುವ ಕಲ್ಲಿನ ಹಿಂದೆ, ಒಣಹಾಕಿದ ಸೀರೆಯ ಮರೆಯಲ್ಲಿ ಕುಕ್ಕರುಗಾಲಲ್ಲಿ ಕೂತೆ. ವೈಫೈ ಅಲ್ಲಿಗೂ ಸಿಗುತ್ತಿತ್ತು. ಪುಟ ತೆರೆದು ಮತ್ತೆ ಮತ್ತೆ ಹೊಸದು ಮಾಡುತ್ತ, ಒಂದು ಕಣ್ಣು ಮಾರ್ಜಿನ್ ಮೇಲೆ, ಒಂದು ಕಣ್ಣು ಕಂಬದ ಮೇಲೆ. ಫೋಟೋ ತೆಗೆಯಲು ಮೊಬೈಲು ತೊಡೆಯ ಮೇಲೆ ಸಿದ್ಧವಾಗಿತ್ತು.

ಹದಿನಾಲ್ಕು. ಹದಿನಾಲ್ಕು. ಕಂಬದ ಹತ್ತಿರ ಒಂದು ಕೋಳಿ ಬಿಟ್ಟರೆ ಯಾರೂ ಇಲ್ಲ.

ಹನ್ನೊಂದು ಒಂಬತ್ತಕ್ಕೆ, ನನ್ನ ಬೆನ್ನ ಹಿಂದಿನ ಅಡುಗೆಮನೆಯ ಕಿಟಕಿಯಿಂದ ಫೋನ್ ಬಡಿದುಕೊಂಡಿತು. ಟ್ರಿಣ್ ಟ್ರಿಣ್, ಒಂದು ಸಲ. ಟ್ರಿಣ್ ಟ್ರಿಣ್, ಇನ್ನೊಂದು ಸಲ. ನಿಂತಿತು.

ಪುಟ ಹೊಸದು ಮಾಡಿದೆ. ಮಾರ್ಜಿನ್ ಸೊನ್ನೆ. ಲೈನ್ ಇಲ್ಲ.

ನಾನು ಕೂತಲ್ಲೇ ಕೂತಿದ್ದೆ. ಎರಡು ನಿಮಿಷಕ್ಕೆ ಲೈನ್ ಎದ್ದಿತು. ಅಷ್ಟರಲ್ಲಿ ಒಳಗೆ ಅಮ್ಮ ಸ್ಟೂಲ್ ಎಳೆದುಕೊಂಡ ಸದ್ದು, ರಿಸೀವರ್ ಎತ್ತಿ ನಂಬರು ಒತ್ತಿದ ಸದ್ದು. ಪುಟದಲ್ಲಿ ಮಾರ್ಜಿನ್ ಹದಿನಾಲ್ಕರಿಂದ ಮೂರಕ್ಕೆ ಜಾರಿದ್ದನ್ನು, ಎರರ್ ನೂರಾರು ಏರಿದ್ದನ್ನು ಈ ಸಲ ಕಣ್ಣಾರೆ ಕಂಡೆ. ಆಮೇಲೆ ಮತ್ತೆ ಸೊನ್ನೆ. ಅಮ್ಮ ಯಾರ ಜೊತೆಯೂ ಮಾತಾಡದೆ ರಿಸೀವರ್ ಕೆಳಗಿಟ್ಟಳು.

ಜಗಳೂರಿನಲ್ಲಿರುವ ದೊಡ್ಡಮ್ಮ, ಅಮ್ಮನ ಅಕ್ಕ. ಬೆಳಗಿನ ರೊಟ್ಟಿ ಕೆಲಸ ಮುಗಿಸಿ, ಎರಡನೇ ಟೀ ಕುಡಿದು, ಮಾತ್ರೆ ನುಂಗಿ, ತಂಗಿಗೆ ಎರಡು ರಿಂಗ್ ಕೊಡುತ್ತಾಳೆ. ಎತ್ತಬಾರದು. ಎರಡು ರಿಂಗ್ ಎಂದರೆ ನಾನು ಚೆನ್ನಾಗಿದ್ದೇನೆ ಎಂದರ್ಥ. ತಂಗಿ ತಿರುಗಿ ಎರಡು ರಿಂಗ್ ಕೊಟ್ಟರೆ ನಾನೂ ಚೆನ್ನಾಗಿದ್ದೇನೆ ಎಂದು. ದೂರದ ಊರಿಗೆ ಮಾತಾಡುವುದು ದುಬಾರಿ ಇದ್ದ ಕಾಲದಲ್ಲಿ ಮಾಡಿಕೊಂಡ ಏರ್ಪಾಡು, ಮೊಬೈಲ್ ಬಂದರೂ ಇಬ್ಬರೂ ಬಿಟ್ಟಿರಲಿಲ್ಲ. ನನಗೆ ಇದು ಹುಟ್ಟಿದಾಗಿನಿಂದ ಗೊತ್ತು. ಗೊತ್ತಿದ್ದೂ ಅದು ನನ್ನ ಲೆಕ್ಕಕ್ಕೆ ಬಂದಿರಲಿಲ್ಲ. ಆ ಫೋನಿನಲ್ಲಿ ಯಾರೂ ಮಾತಾಡುವುದಿಲ್ಲವಾದ್ದರಿಂದ ಅದು ಫೋನೇ ಎಂದು ನನಗೆ ಅನಿಸಿರಲಿಲ್ಲ, ಅದು ಅಮ್ಮನ ಸಾಮಾನು.

ವೈರ್ ಹಿಡಿದು ನಡೆದೆ. ಅಡುಗೆಮನೆಯಿಂದ ಅಂಗಳ, ಅಂಗಳದಿಂದ ಪಡಸಾಲೆ, ಪಡಸಾಲೆಯಿಂದ ಅಂಗಡಿಯ ಕಿಟಕಿ. ಹೊಸ ಕೌಂಟರಿನ ಹಲಗೆ ಎಳೆದು ನೋಡಿದರೆ ಅಲ್ಲಿತ್ತು. ಮೊದಲು ಅಮ್ಮನ ವೈರು ಬಿಳಿ ಡಬ್ಬಿಯ ಫೋನಿನ ಕಿಂಡಿಯಿಂದ ಹೋಗುತ್ತಿತ್ತು. ಆ ಭಾನುವಾರ ಡಬ್ಬಿಯನ್ನು ಆಚೆ ಗೋಡೆಗೆ ಸರಿಸಿದಾಗ ವೈರಿನ ಉದ್ದ ಸಾಲದೆ ಹೋಗಿ, ಫೋನ್ ಸತ್ತಿದೆ ಎಂದು ಅಮ್ಮ ಗೊಣಗಿದ್ದಳು. ನಾನು ಅದನ್ನು ಹೊರಗಿಂದ ಬರುವ ತಂತಿಗೇ, ಡಬ್ಬಿಗೆ ಮುಂಚೆಯೇ, ಸಿಪ್ಪೆ ಸುಲಿದು ತಿರುಚಿ ಟೇಪು ಸುತ್ತಿದ್ದೆ. ನನ್ನದೇ ಕೈಯ ಗಂಟು. ಟೇಪನ್ನು ನಾನು ಯಾವಾಗಲೂ ಹಲ್ಲಲ್ಲಿ ಕಡಿಯುತ್ತೇನೆ, ಕಡಿದ ಗುರುತು ಹಾಗೇ ಇತ್ತು.

ನಾಚಿಕೆಗಿಂತ ಮೊದಲು ನನಗೆ ಬಂದದ್ದು ಒಂದು ಕೆಟ್ಟ ಯೋಚನೆ. ಅದನ್ನು ಮುಚ್ಚಿಡುವುದಿಲ್ಲ. ಈ ಗಂಟನ್ನು ಈಗಲೇ ಬಿಚ್ಚಿ ಎಸೆದರೆ ಯಾರಿಗೂ ಗೊತ್ತಾಗುವುದಿಲ್ಲ. ನಾಳೆಯಿಂದ ಲೈನು ಬೀಳುವುದು ನಿಲ್ಲುತ್ತದೆ, ದೂರು ಕೊಟ್ಟ ಮೇಲೆ ಸರಿಹೋಯಿತು ಎಂದು ಎಲ್ಲರೂ ಹೇಳುತ್ತಾರೆ. ಕೈ ಟೇಪಿನ ಮೇಲೂ ಹೋಯಿತು. ಆದರೆ ಅಮ್ಮನ ಫೋನ್ ಸಾಯುತ್ತದೆ, ನಾಳೆ ಹನ್ನೊಂದು ಹತ್ತಕ್ಕೆ ಅಮ್ಮ ಸ್ಟೂಲ್ ಮೇಲೆ ಕೂತು ಕಾಯುತ್ತಾಳೆ, ಅಲ್ಲಿ ಜಗಳೂರಿನಲ್ಲಿ ದೊಡ್ಡಮ್ಮನೂ ಕಾಯುತ್ತಾಳೆ. ನನ್ನನ್ನು ತಡೆದದ್ದು ಅಮ್ಮನ ಗಾಬರಿಯೋ ಆ ಮನುಷ್ಯನ ಹದಿನೆಂಟು ವರ್ಷವೋ ಎಂದು ಕೇಳಿದರೆ, ಮೊದಲು ಅಮ್ಮನ ಗಾಬರಿ. ಎರಡನೆಯದು ಬಸ್ಸಿನಲ್ಲಿ ಕೂತ ಮೇಲೆ ಬಂತು.

ಲೈನ್‌ಮನ್‌ಗೆ ಫೋನ್ ಮಾಡಿದೆ. ಉಬ್ರಾಣಿ ಹತ್ತಿರ ಯಾವುದೋ ಕಂಬದ ಮೇಲಿದ್ದರು, ಏದುಸಿರು ಬಿಡುತ್ತಿದ್ದರು. ಬೆಳಿಗ್ಗೆ ಒಂಬತ್ತರಿಂದ ಅಲ್ಲೇ ಇದ್ದೇನೆ ಎಂದರು. ನಾಳೆ ಹನ್ನೊಂದರೊಳಗೆ ಮನೆಗೆ ಬನ್ನಿ ಎಂದೆ. ಬನ್ನಿ ಎಂಬ ಬಹುವಚನ ನನ್ನ ಬಾಯಿಂದ ಬಂದದ್ದು ಅವರಿಗೆ ಹೊಸದು. ಏನಾಯ್ತು ಸಾರ್, ಮತ್ತೇನಾರ ದೂರು ಐತಾ ಎಂದರು. ಬನ್ನಿ, ಹೇಳುತ್ತೇನೆ ಎಂದು ಇಟ್ಟೆ.

ಮಧ್ಯಾಹ್ನದ ಬಸ್ಸಿಗೆ ಚನ್ನಗಿರಿಗೆ ಹೋದೆ. ದೂರು ವಾಪಸ್ ಎಂದರೆ ಮೇಡಂ ಸಾಲದು ಎಂದರು. ಆರು ಜನರ ಸಹಿ ಇದೆ, ಉದ್ದೇಶಪೂರ್ವಕ ಎಂದು ಬರೆದಿದ್ದೀರಿ, ಕಾರಣ ಬರೆದುಕೊಡಿ ಎಂದು ಬಿಳಿ ಹಾಳೆ ಮುಂದಿಟ್ಟರು. ಇಡೀ ತಾಲ್ಲೂಕಿಗೆ ಅರ್ಜಿ ಬರೆದುಕೊಡುವವನಿಗೆ ಆ ನಾಲ್ಕು ಸಾಲು ಬರೆಯಲು ಅರ್ಧ ಗಂಟೆ ಬೇಕಾಯಿತು. ದೋಷ ನನ್ನ ಮನೆಯೊಳಗಿತ್ತು, ಅದನ್ನು ಮಾಡಿದವನು ನಾನೇ, ಲೈನ್‌ಮನ್ ಅವರದು ಯಾವ ತಪ್ಪೂ ಇಲ್ಲ. ಮೇಡಂ ಓದಿ, ದೂರಿನ ಮೇಲೆ ರದ್ದು ಎಂದು ಬರೆದು, ಸಿಟ್ಟಿಲ್ಲದೆ ವಿವರಿಸಿದರು. ಒಂದೇ ತಂತಿಯಲ್ಲಿ ಮಾತು ಕೆಳಗಿನ ದಾರಿಯಲ್ಲಿ, ನೆಟ್ಟು ಮೇಲಿನ ದಾರಿಯಲ್ಲಿ ಓಡುತ್ತವೆ. ಬಿಳಿ ಡಬ್ಬಿ ಅವೆರಡನ್ನೂ ಬೇರೆ ಮಾಡುತ್ತದೆ, ಆದರೆ ತನ್ನ ಮೂಲಕ ಹೋದ ಫೋನಿಗೆ ಮಾತ್ರ. ಡಬ್ಬಿಗೆ ಮುಂಚೆಯೇ ಕೂಡಿಸಿದ ಫೋನು ರಿಂಗ್ ಆದಾಗ, ರಿಸೀವರ್ ಎತ್ತಿದಾಗ ನೇರವಾಗಿ ನೆಟ್ಟಿನ ದಾರಿಗೆ ಅಡ್ಡ ಬೀಳುತ್ತದೆ. ಡ್ರಾಯರಿನಿಂದ ಬೆಂಕಿಪೊಟ್ಟಣದಷ್ಟು ಚಿಕ್ಕ ಫಿಲ್ಟರ್ ತೆಗೆದು ನನ್ನ ಕೈಗಿಟ್ಟು, ಲೈನ್‌ಮನ್ ಕೈಲೇ ಹಾಕಿಸಿ ಎಂದರು.

ಮಾರನೇ ದಿನ ಹತ್ತೂವರೆಗೆ ಲೈನ್‌ಮನ್ ಬಂದರು. ಎಂದಿನಂತೆ ಬಾಗಿಲ ಹೊರಗೇ ನಿಂತು ಪರೀಕ್ಷೆಯ ಫೋನ್ ತೆಗೆಯತೊಡಗಿದರು. ಒಳಗೆ ಬನ್ನಿ ಎಂದೆ. ಇಲ್ಲೇ ನೋಡ್ತೀನಿ ಸಾರ್ ಎಂದರು. ಇನ್ನೊಮ್ಮೆ ಕರೆಯಬೇಕಾಯಿತು. ಚಪ್ಪಲಿ ಬಿಟ್ಟು ಪಡಸಾಲೆ ದಾಟಿ, ಅಂಗಳ ದಾಟಿ, ಅಡುಗೆಮನೆಯ ಹೊಸ್ತಿಲಲ್ಲಿ ನಿಂತರು. ಅಮ್ಮ ಸ್ಟೂಲನ್ನು ಅವರ ಕಡೆ ಸರಿಸಿ, ಕೂತ್ಕೊಳಪ್ಪ ಎಂದಳು. ಗೋಡೆಯ ಗೂಡಿನಲ್ಲಿದ್ದ ಹಳೇ ಫೋನನ್ನು ಅವರು ನೋಡಿದರು. ವೈರ್ ಬಿಚ್ಚಿ, ನಡುವೆ ಫಿಲ್ಟರ್ ಕೂಡಿಸಿ, ಮತ್ತೆ ಸಿಕ್ಕಿಸಿದರು. ಎರಡು ನಿಮಿಷದ ಕೆಲಸ. ಆಮೇಲೆ ಕೌಂಟರಿನ ಹಿಂದೆ ಬಗ್ಗಿ ನನ್ನ ಗಂಟನ್ನು ಕತ್ತರಿಸಿ, ತಮ್ಮ ಜೆಲ್ಲಿ ಕ್ಲಿಪ್ಪಿನಿಂದ ನೀಟಾಗಿ ಕೂಡಿಸಿದರು. ಹಲ್ಲಿನ ಗುರುತಿದ್ದ ಟೇಪಿನ ತುಂಡನ್ನು ಜೇಬಿಗೆ ಹಾಕಿಕೊಂಡರು, ಬಹುಶಃ ಕಸ ಮಾಡಬಾರದು ಎಂದು.

ಅಮ್ಮ ಟೀ ಕೊಟ್ಟಳು. ಹನ್ನೊಂದು ಎಂಟಕ್ಕೆ ಫೋನು ಎರಡು ಸಲ ಹೊಡೆದು ನಿಂತಿತು. ನನ್ನ ಲ್ಯಾಪ್‌ಟಾಪ್ ಊಟದ ಮಣೆಯ ಮೇಲಿತ್ತು. ಮಾರ್ಜಿನ್ ಹದಿನೈದು, ಒಂದು ಮೇಲೆಯೇ ಹೋಗಿತ್ತು. ಅಮ್ಮ ರಿಸೀವರ್ ಎತ್ತಿ ನಂಬರು ಒತ್ತಿ, ಎರಡು ರಿಂಗ್ ಎಣಿಸಿ ಇಟ್ಟಳು. ಹದಿನೈದೇ. ಎರರ್ ಒಂದೂ ಏರಲಿಲ್ಲ.

ನನಗೆ ಕ್ಷಮೆ ಕೇಳಲು ಬರಲಿಲ್ಲ. ಅದರ ಬದಲು ತಕರಾರಿನ ಮಾತೇ ಬಾಯಿಗೆ ಬಂತು. ಬೆಳಗಿನಿಂದ ಎದೆಯಲ್ಲಿ ಕುಟುಕುತ್ತಿದ್ದ ಪ್ರಶ್ನೆ ಅದು.

“ಮೊದಲ ದಿನವೇ ನಿಮಗೆ ಮನೆಯೊಳಗಿನ ಫೋನ್ ಮೇಲೆ ಅನುಮಾನ ಇತ್ತಲ್ಲ. ಮತ್ತೆ ಯಾಕೆ ಐದಾರು ದಿನ ಮುಳ್ಳಲ್ಲಿ ಆ ಲೈನ್ ಪೂರ್ತಿ ಬಿಚ್ಚಿದ್ರಿ?”

ಅವರು ಟೀ ಲೋಟವನ್ನು ತೊಳೆದಿಡಲು ಎಂದು ಕೈಯಲ್ಲೇ ಹಿಡಿದು ಎದ್ದರು. ಅಮ್ಮ ಅದನ್ನು ಕಿತ್ತುಕೊಂಡಳು. ಪ್ರಶ್ನೆಯೇ ವಿಚಿತ್ರ ಎಂಬಂತೆ ನನ್ನ ಮುಖ ನೋಡಿದರು.

“ಮೂರ್ಸಲ ಕೇಳಿದ್ನಲ್ಲ ಸಾರ್. ನೀವು ಇಲ್ಲ ಅಂದ್ರಿ. ನಾನು ನಂಬಿದೆ.”

ಚಪ್ಪಲಿ ಮೆಟ್ಟಿಕೊಂಡು ಹೊರಟರು. ಉಬ್ರಾಣಿಯಲ್ಲಿ ಇನ್ನೂ ಮೂರು ಲೈನ್ ಬಾಕಿ ಇದ್ದವಂತೆ. ನಾನು ಅಂಗಡಿಗೆ ಬಂದು ಕೂತೆ. ಬೆಂಚು ತುಂಬಿತ್ತು, ಹಸಿರು ದೀಪ ನಿಂತಂತೆ ಉರಿಯುತ್ತಿತ್ತು. ಮೊದಲನೆಯವರ ಕಾಗದ ತೆಗೆದುಕೊಂಡು, ಹೆಸರು ಹೇಳಿ ಎಂದೆ. ಕಿವಿಯಲ್ಲಿ ಲೈನ್‌ಮನ್ ಮಾತೇ ಇತ್ತು, ಅವರು ಹೇಳಿದ ಹೆಸರನ್ನು ಎರಡು ಸಲ ಕೇಳಿಸಿಕೊಳ್ಳಬೇಕಾಯಿತು.